ಮೂರು ದಿನ ಬಾರದ ಮೇಲ್

ಗುರುವಾರ ಮಧ್ಯಾಹ್ನ ಟೆಸ್ಟಿಂಗ್ ನೋಡಿಕೊಳ್ಳುವ ಸಹೋದ್ಯೋಗಿ ನನ್ನ ಮೇಜಿನ ಬಳಿ ಬಂದು, "ಈ ವಾರ ಡೆವಲಪರ್‌ಗಳು ಯಾವುದನ್ನೂ ಮುಗಿಸಿಲ್ಲವೇ ಸರ್? ಸೋಮವಾರದಿಂದ ನನಗೆ ಒಂದು ಟಿಕೆಟ್ ಕೂಡ ಬಂದಿಲ್ಲ" ಎಂದರು. ನಾನು ಬೋರ್ಡ್ ತೆರೆದೆ. ಆ ಮೂರು ದಿನಗಳಲ್ಲಿ ಮುಗಿದ 11 ಟಿಕೆಟ್‌ಗಳು ಅವರಿಗಾಗಿಯೇ ಕಾಯುತ್ತಾ ಕುಳಿತಿದ್ದವು.

ಸೋಮವಾರ ನಾವು ಜಿರಾದಲ್ಲಿ ಟಿಕೆಟ್ ಸಾಗುವ ಕ್ರಮವನ್ನು ಬದಲಾಯಿಸಿದ್ದೆವು. ಅಲ್ಲಿಯವರೆಗೆ `Resolved` ಎಂಬ ಒಂದೇ ಸ್ಟೇಟಸ್‌ಗೆ ಎರಡು ಅರ್ಥಗಳಿದ್ದವು. ಕೋಡ್ ಬರೆದು ಮುಗಿಸಿದವರೂ ಅದನ್ನೇ ಒತ್ತುತ್ತಿದ್ದರು, ಪರೀಕ್ಷೆ ಮುಗಿದ ಟಿಕೆಟ್ ಕೂಡ ಅಲ್ಲೇ ಉಳಿಯುತ್ತಿತ್ತು. ಅದನ್ನು `Ready for Test` ಮತ್ತು `Verified` ಎಂದು ಒಡೆದೆವು. ಶುಕ್ರವಾರ ತಂಡಕ್ಕೆ ನಾನು ಕಳುಹಿಸಿದ ಪ್ರಕಟಣೆಯಲ್ಲಿ ಇದೆಲ್ಲವೂ ಇತ್ತು: ಏನು ಬದಲಾಗುತ್ತದೆ, ಏಕೆ, ಸೋಮವಾರದಿಂದ ಜಾರಿ ಎಂದು. ಆದರೆ ನಿನ್ನೆಯವರೆಗೆ ಬಳಸುತ್ತಿದ್ದ ಯಾವ ವಸ್ತು ನಾಳೆಯಿಂದ ಕೆಲಸ ಮಾಡುವುದಿಲ್ಲ ಎಂಬ ಒಂದು ಸಾಲು ಇರಲಿಲ್ಲ.

ಆ ಸಹೋದ್ಯೋಗಿ ಕೆಲಸ ಆರಂಭಿಸುತ್ತಿದ್ದದ್ದು ಬೋರ್ಡ್ ನೋಡಿ ಅಲ್ಲ, ಪ್ರತಿದಿನ ಬೆಳಿಗ್ಗೆ ತಾನಾಗಿ ಬರುವ ಒಂದು ಮೇಲ್ ನೋಡಿ. ಅದರ ಹಿಂದಿದ್ದ ಫಿಲ್ಟರ್ ಇದು:

```
status = Resolved AND updated >= -1d
```

ಆ ಸ್ಟೇಟಸ್ ವ್ಯವಸ್ಥೆಯಿಂದಲೇ ಅಳಿಸಿಹೋಗಿದ್ದರೆ ಫಿಲ್ಟರ್ ತೆರೆದಾಗ ದೋಷ ಕಾಣಿಸುತ್ತಿತ್ತು. ಆದರೆ ಬೇರೆ ಪ್ರಾಜೆಕ್ಟ್‌ಗಳು `Resolved` ಅನ್ನು ಇನ್ನೂ ಬಳಸುತ್ತಿದ್ದುದರಿಂದ ಅದು ಜೀವಂತವಾಗಿತ್ತು. ಅವರ ಕಣ್ಣಿಗೆ ಬೀಳುವ ಪ್ರಾಜೆಕ್ಟ್ ನಮ್ಮದೊಂದೇ ಆದ್ದರಿಂದ ಫಿಲ್ಟರ್ ತಕರಾರಿಲ್ಲದೆ ಶೂನ್ಯ ಫಲಿತಾಂಶ ಕೊಟ್ಟಿತು. ಫಲಿತಾಂಶ ಶೂನ್ಯವಾದರೂ ಮೇಲ್ ಕಳುಹಿಸು ಎಂದು ಪ್ರತ್ಯೇಕವಾಗಿ ಗುರುತು ಹಾಕದಿದ್ದರೆ ಆ ಮೇಲ್ ಹೊರಡುವುದೇ ಇಲ್ಲ. ಹೀಗಾಗಿ ಅವರಿಗೆ ಸಿಕ್ಕಿದ್ದು ಬರೀ ಮೌನ. ಕೆಲಸವಿಲ್ಲದ ದಿನವೂ ಅವರ ಪಾಲಿಗೆ ಹೀಗೆಯೇ ಇರುತ್ತಿತ್ತು, ಅನುಮಾನ ಬರಲು ಕಾರಣವೇ ಇರಲಿಲ್ಲ.

ಇನ್ನೊಂದು ಪೆಟ್ಟು ಹಳೆಯ ಟಿಕೆಟ್‌ಗಳಿಂದ ಬಿತ್ತು. ಕ್ರಮ ಬದಲಾಯಿಸುವಾಗ, ಇಲ್ಲದಾಗುವ ಪ್ರತಿ ಸ್ಟೇಟಸ್‌ನಲ್ಲಿರುವ ಟಿಕೆಟ್‌ಗಳನ್ನು ಯಾವುದಕ್ಕೆ ಸೇರಿಸಬೇಕೆಂದು ಜಿರಾ ಕೇಳುತ್ತದೆ. ಉತ್ತರ ಒಂದೇ ಇರಬಹುದು, ಅರ್ಧ ಇತ್ತ ಅರ್ಧ ಅತ್ತ ಎನ್ನಲು ಬರುವುದಿಲ್ಲ. `Resolved`ನಲ್ಲಿದ್ದ 26 ಟಿಕೆಟ್‌ಗಳೂ `Ready for Test`ಗೆ ಹೋದವು. ಅವುಗಳಲ್ಲಿ 9 ಆಗಲೇ ಪರೀಕ್ಷೆಯಾಗಿದ್ದವು. ತಂಡದ ಇನ್ನೊಬ್ಬರು ಅಂಥ ಎರಡನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಿ ಅರ್ಧ ದಿನ ಕಳೆದರು. ಅವರ ಆ ಅರ್ಧ ದಿನ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಬದಲಾವಣೆಯ ಎರಡನೇ ಭಾಗ ಮುಂದಿನ ವಾರಕ್ಕಿತ್ತು: ಟಿಕೆಟ್ ತೆರೆದವರು ಮಾತ್ರ ಅದನ್ನು `Closed` ಮಾಡಬಹುದು. ಅದನ್ನು ಒಂದು ಸ್ಪ್ರಿಂಟ್ ಮುಂದೂಡಿ, ಪ್ರಕಟಣೆ ಬರೆಯುವ ಮೊದಲು ಹೊಸ ನಿಯಮ ಯಾರ ಕೈ ಕಟ್ಟುತ್ತದೆ ಎಂದು ಹುಡುಕಿದೆ. 14 ಟಿಕೆಟ್‌ಗಳನ್ನು ತೆರೆದವರು ಕೆಲಸವನ್ನೇ ಬಿಟ್ಟು ಹೋಗಿದ್ದರು. ನಿಯಮ ಜಾರಿಯಾದರೆ ಅವನ್ನು ಮುಚ್ಚಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ಅವುಗಳ `Reporter` ಜಾಗದಲ್ಲಿ ಆಯಾ ವಿಭಾಗದ ಮುಖ್ಯಸ್ಥರ ಹೆಸರು ಹಾಕಿಸಿದೆವು.

ಈ ಬಾರಿಯ ಪ್ರಕಟಣೆಯಲ್ಲಿ ಕಾರಣಗಳನ್ನು ಕೊನೆಗೆ ತಳ್ಳಿದೆ. ಅದು ಶುರುವಾದದ್ದು ಹೀಗೆ: "ಶುಕ್ರವಾರ 12:00 UTCಗೆ, ಸ್ಪ್ರಿಂಟ್ ಮುಗಿದ ಮೇಲೆ, ಟ್ರ್ಯಾಕರ್ ಬದಲಾಗುತ್ತದೆ. ಆಮೇಲೆ ನೀವು ತೆರೆಯದ ಟಿಕೆಟ್‌ನಲ್ಲಿ `Closed` ಗುಂಡಿ ನಿಮಗೆ ಕಾಣಿಸುವುದಿಲ್ಲ. ಅದನ್ನು `Verified`ನಲ್ಲಿ ಬಿಟ್ಟು, ತೆರೆದವರ ಹೆಸರು ಹಾಕಿ ಒಂದು ಟಿಪ್ಪಣಿ ಬರೆಯಿರಿ. ಈಗಾಗಲೇ `Closed` ಆಗಿರುವ ಟಿಕೆಟ್‌ಗಳನ್ನು ಯಾರೂ ಮುಟ್ಟುವುದಿಲ್ಲ. ನಿಮ್ಮ ಉಳಿಸಿಟ್ಟ ಫಿಲ್ಟರ್‌ಗಳಲ್ಲಿ `Resolved` ಎಂಬ ಪದ ಇನ್ನೂ ಇದ್ದರೆ ಗುರುವಾರದೊಳಗೆ ನನಗೆ ತೋರಿಸಿ, ಜೊತೆಯಲ್ಲಿ ಕುಳಿತು ಸರಿಮಾಡೋಣ." ಹಿಂದಿನ ಬಾರಿ "ಸೋಮವಾರದಿಂದ" ಎಂದಷ್ಟೇ ಬರೆದಿದ್ದೆ. ತಂಡ ಎರಡು ಕಾಲವಲಯಗಳಲ್ಲಿ ಹಂಚಿಹೋಗಿರುವಾಗ ಅದು ಎರಡು ಬೇರೆ ಸೋಮವಾರಗಳು.

ಗುರುವಾರದೊಳಗೆ ಐದು ಜನ ಬಂದರು. ಮೊದಲು ಬಂದವರು ಆ ಟೆಸ್ಟಿಂಗ್ ಸಹೋದ್ಯೋಗಿಯೇ. ಆ ಬೆಳಗಿನ ಮೇಲ್ ಅವರಿಗೆ ಈಗ ಸರಿಯಾಗಿ ಬರುತ್ತಿತ್ತು, ಆದರೂ ಇನ್ನೂ ಎರಡು ಫಿಲ್ಟರ್‌ಗಳನ್ನು ಹುಡುಕಿ ತಂದಿದ್ದರು. ಎರಡರಲ್ಲೂ ಸ್ಟೇಟಸ್ ಬದಲಿಸಿದೆವು. ಟಿಕೆಟ್ ಇಲ್ಲದ ದಿನವೂ ಮೇಲ್ ಬರಲೆಂದು ಮೂರಕ್ಕೂ ಆ ಗುರುತನ್ನು ಅವರೇ ಹಾಕಿಕೊಂಡರು.