ಚೌರಿ ಕಟ್ಟಿದ್ದಾ?

"ಏನ್ ಮಗ, ಹುಡುಗಿಗೆ ಚೌರಿ ಕಟ್ಟಿದ್ದಾ?"

ಮೊನ್ನೆ ಮಂಗಳವಾರ ವಿರಾಜಪೇಟೆಯ ಆಂಟಿ ಮಡಿಕೇರಿಗೆ ಬಂದು, ನನ್ನ ಲ್ಯಾಪ್‌ಟಾಪ್ ಮುಂದೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ ಕೇಳಿದ್ದು ಇಷ್ಟೇ. ದಾಸವಾಳ, ಗರುಗದ ಸೊಪ್ಪು ಹಾಕಿ ಮನೆಯಲ್ಲೇ ಎಣ್ಣೆ ಕಾಯಿಸಿ ಮಾರುವವರು. ಅದಕ್ಕೊಂದು ಪೋಸ್ಟರ್ ಬೇಕಿತ್ತು, ನೋಡಿದ್ದು ಅದಕ್ಕೆಂದು ನಾನು ತೆಗೆದ ಹುಡುಗಿಯ ಫೋಟೋ. ಮಾತು ಖಡಕ್, ಕಾಫಿ ಮಾತ್ರ ಚೆನ್ನಾಗಿ ಕೊಡುತ್ತಾರೆ. ಹುಡುಗಿಯ ಕೂದಲು ಸ್ವಂತದ್ದು, ಸೊಂಟ ದಾಟುತ್ತದೆ. ಅಸಲಿ ಕೂದಲನ್ನು ಚೌರಿ ಮಾಡಿದ್ದು ನಾನೇ.

ರಾತ್ರಿ ಫೋಟೋವನ್ನು ಪೂರ್ತಿ ಹಿಗ್ಗಿಸಿ, ಬೈತಲೆಯ ಹತ್ತಿರದ ಒಂದೇ ಒಂದು ಎಳೆ ಹಿಡಿದು ತುದಿಯವರೆಗೆ ಹೋಗಲು ನೋಡಿದೆ. ಕಿವಿಯ ಪಕ್ಕದಲ್ಲೇ ಎಳೆ ಮಾಯ. ಅಲ್ಲಿಂದ ಕೆಳಗೆ ಎಳೆಗಳೇ ಇಲ್ಲ, ಕಾಯಿಸಿ ಸುರಿದ ಮೇಣದ ಹಾಗೆ ಒಂದು ಕಪ್ಪು ಹರಿವು. ಕಕ್ಕಡ ತಿಂಗಳ ಮಳೆಯ ಮಂಕು ಬೆಳಕಿನಲ್ಲಿ, ಒಳಗಡೆ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಐಎಸ್ಒ ಅನ್ನು 3200ಕ್ಕೆ ಏರಿಸಿ ತೆಗೆದಿದ್ದೆ. ಫೋಟೋ ತುಂಬ ಕಾಳು ಕಾಳು. ಅದನ್ನು ಹೋಗಲಾಡಿಸಲು ನಾಯ್ಸ್ ರಿಡಕ್ಷನ್ ಜೋರಾಗಿ ಎಳೆದಿದ್ದೆ. ಕಾಳು ಯಾವುದು, ಕೂದಲು ಯಾವುದು ಅಂತ ಅದಕ್ಕೇನು ಗೊತ್ತು? ಎರಡೂ ಸಣ್ಣವೇ, ಎರಡನ್ನೂ ಒರೆಸಿ ಹಾಕಿತ್ತು.

ಹಣೆಯ ಕಥೆ ಇನ್ನೂ ಕೆಟ್ಟದ್ದು. ಮುಂಗುರುಳು ಎಲ್ಲಾ ಗಲೀಜು ಅನ್ನಿಸಿ ಒಂದೊಂದಾಗಿ ಅಳಿಸಿದ್ದೆ. ಕೂದಲು ಹಣೆಯ ಮೇಲೆ ಗೆರೆ ಎಳೆದ ಹಾಗೆ ಶುರುವಾಗುವುದಿಲ್ಲ. ಮೊದಲು ರೋಮದಂಥ ತೆಳು ಎಳೆ, ಹಿಂದೆ ಸ್ವಲ್ಪ ದಪ್ಪ, ಆಮೇಲೆ ಒತ್ತಾಗುತ್ತದೆ. ಬೈತಲೆಯಲ್ಲೂ ಚರ್ಮ ಒಂದೇ ಸಮ ಕಾಣಿಸುವುದಿಲ್ಲ. ನಾನು ಎರಡು ಗಂಟೆ ಕೂತು ಒರೆಸಿದ್ದು ಸರಿಯಾಗಿ ಇವನ್ನೇ. ಚೌರಿ ಕಟ್ಟಿದ್ದಾ ಅಂದರೆ, ಮತ್ತೇನು ಅನ್ನಬೇಕಿತ್ತು ಅವರು?

ಗುರುವಾರ ಮತ್ತೆ ತೆಗೆದೆವು, ಪರಿಚಯದವರ ತೋಟದ ಮನೆಯ ಜಗಲಿಯಲ್ಲಿ. ಹಿಂದೆ ಮರದ ನೆರಳಲ್ಲಿ ಕಪ್ಪು ಹಸಿರಿನ ಕಾಫಿ ಗಿಡ. ಹಿನ್ನೆಲೆ ಅಲ್ಲೇ ಸಿಕ್ಕಿದ್ದರಿಂದ ಕೂದಲು ಕತ್ತರಿಸಿ ಬೇರೆ ಚಿತ್ರಕ್ಕೆ ಅಂಟಿಸುವ ರಗಳೆ ಇಲ್ಲ. ಒಂದು ಸಣ್ಣ ಫ್ಲ್ಯಾಶ್ ಹುಡುಗಿಯ ಬೆನ್ನ ಹಿಂದೆ, ಕ್ಯಾಮೆರಾಗೆ ಕಾಣದ ಹಾಗೆ. ಹಾರುವ ಒಂದೊಂದು ಎಳೆಯ ಅಂಚಿಗೂ ಬೆಳಕು ಹತ್ತುವುದು ಅದರಿಂದ. ಇನ್ನೊಂದು ಫ್ಲ್ಯಾಶ್ ಪಕ್ಕದಿಂದ, ತುಸು ಮೇಲೆ, ಬಿಳಿ ಪಂಚೆಯ ಮೂಲಕ. ನೇರ ಫ್ಲ್ಯಾಶ್ ಹೊಡೆದರೆ ತಲೆಯ ಮೇಲೆ ಪ್ಲಾಸ್ಟಿಕ್ಕಿನ ಹಾಗೆ ಸಣ್ಣ ಬಿಳಿ ಗೀರು ಬೀಳುತ್ತದೆ. ಪಂಚೆಯಿಂದ ಬಂದರೆ ಹೊಳಪು ಅಗಲ ಪಟ್ಟಿಯಾಗಿ ತಲೆಯ ಉಬ್ಬಿನ ಮೇಲೆ ಕೂರುತ್ತದೆ, ಪಟ್ಟಿಯೊಳಗೂ ಎಳೆ ಕಾಣುತ್ತದೆ. ಎರಡನ್ನೂ 1/16 ಶಕ್ತಿಗೆ ಇಳಿಸಿದೆ. ಇಂಥ ಸಣ್ಣ ಫ್ಲ್ಯಾಶುಗಳಲ್ಲಿ ಶಕ್ತಿ ಇಳಿಸಿದಷ್ಟೂ ಮಿಂಚು ಬೇಗ ಮುಗಿಯುತ್ತದೆ, ಹಾರುತ್ತಿರುವ ತುದಿ ಅಲ್ಲಾಡದೆ ಸಿಗುತ್ತದೆ. ಐಎಸ್ಒ 400 ಸಾಕಾಯಿತು, ಕಾಳಿನ ಕಾಟವೂ ತಪ್ಪಿತು.

ಗಾಳಿಗೆ ತೋಟದಲ್ಲಿ ತರಗೆಲೆ ಊದುವ ಬ್ಲೋವರ್. ನೇರ ಹಿಡಿದಾಗ ಕೂದಲು ಒಂದೇ ಮುದ್ದೆಯಾಗಿ ಎದ್ದು ಮುಖಕ್ಕೆ ಬಡಿಯಿತು, ಹುಡುಗಿ ನಕ್ಕೂ ನಕ್ಕೂ ಸಾಕಾದಳು. ಆಮೇಲೆ ದೂರದಿಂದ, ಕೆಳಗಿನಿಂದ, ಬಿಟ್ಟು ಬಿಟ್ಟು ಊದಿಸಿದೆ. ಕೊನೆಗೆ ಸರಿಬಂದ ಫೋಟೋ ಗಾಳಿ ಇದ್ದಾಗಿನದ್ದಲ್ಲ, ನಿಂತ ಮರುಗಳಿಗೆಯದ್ದು. ಕೂದಲಿನ ದಪ್ಪ ಭಾಗ ಆಗಲೇ ಕೆಳಗೆ ಬಿದ್ದಿದೆ, ತೆಳು ಎಳೆಗಳು ಇನ್ನೂ ಮೇಲೆ ತೇಲುತ್ತಿವೆ. ಎಲ್ಲ ಎಳೆಯೂ ಒಂದೇ ಕಡೆ, ಒಂದೇ ಎತ್ತರಕ್ಕೆ ಹಾರಿದರೆ ಮತ್ತೆ ಚೌರಿಯೇ.

ಎಣ್ಣೆಯ ವಿಷಯಕ್ಕೆ ಆಂಟಿಗೂ ನನಗೂ ಸಣ್ಣ ಜಗಳವಾಯಿತು. ಅವರೇ ಬಾಟಲಿ ತಂದು ಅಂಗೈ ತುಂಬ ಸುರಿದುಕೊಂಡು ಹಚ್ಚಿದರು. ಕೂದಲು ಅಂಟಿಕೊಂಡು ಹಗ್ಗ ಹಗ್ಗವಾಯಿತು, ಬ್ಲೋವರ್‌ಗೂ ಜಗ್ಗಲಿಲ್ಲ. ತಲೆ ತೊಳೆಸಿ, ಆ ಥಂಡಿಯಲ್ಲಿ ಡ್ರೈಯರ್ ಹಿಡಿದು ಬುಡದವರೆಗೆ ಒಣಗಿಸಿ, ಮೂರು ಹನಿ ಅಂಗೈಗೆ ಉಜ್ಜಿ ತುದಿಗೆ ಮಾತ್ರ ಸವರಿದೆ.

"ಇದು ಎಣ್ಣೆ ಜಾಹೀರಾತಲ್ವಾ?" ಅಂದರು.

ಹೌದು ಅಂದೆ. ಬೇರೇನು ಹೇಳುವುದು? ಎಣ್ಣೆ ಹಚ್ಚಿದ ತಲೆ ಗಾಳಿಗೆ ಹಾರುವುದಿಲ್ಲ, ನಮ್ಮಮ್ಮನ ತಲೆ ನೋಡಿ ಬೆಳೆದ ನನಗೆ ಗೊತ್ತಿಲ್ಲವಾ. ಆದರೂ ಎಣ್ಣೆಯ ಪೋಸ್ಟರ್‌ಗೆ ಶಾಂಪೂ ಕೂದಲೇ ಬೇಕು. ಅವರ ಎಣ್ಣೆಯಲ್ಲಿ ಕಲಬೆರಕೆ ಇಲ್ಲ, ನನ್ನ ಫೋಟೋದಲ್ಲಿ ಸ್ವಲ್ಪ ಇದೆ.

ಈ ಸಲ ಎಡಿಟ್ ಮಾಡಲು ಇಪ್ಪತ್ತು ನಿಮಿಷ. ಕಣ್ಣಿಗೆ ಅಡ್ಡ ಬಂದ ಎರಡು ಎಳೆ ತೆಗೆದೆ, ಮುಂಗುರುಳು ಮುಟ್ಟಲಿಲ್ಲ. ನಿನ್ನೆ ಆಂಟಿ ಮತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು. ಉಸಿರು ಬಿಗಿಹಿಡಿದು ಕಾದೆ. ಕೂದಲಿನ ಮಾತೇ ಎತ್ತಲಿಲ್ಲ.

"ಯಾರ ಮನೆ ಹುಡುಗಿ ಇವಳು? ಮದುವೆ ಆಗಿದೆಯಾ?"