ಮುರಿದ ಹಲ್ಲು

ಆ ಕಲ್ಲು ಸ್ಪಿತಿಯ ಪಿನ್ ಕಣಿವೆಯದು. ಮುದ್ ಎಂಬ ಹಳ್ಳಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ, ಕಪ್ಪು ಜೇಡಿಕಲ್ಲಿನ ದಪ್ಪ ಪದರ ಮುಗಿಯುವಲ್ಲಿ ತುಕ್ಕುಬಣ್ಣದ ತೆಳುವಾದ ಒಂದು ಪಟ್ಟಿಯಿದೆ. ಅದರ ಮೇಲೆ ಸುಣ್ಣಕಲ್ಲು ಶುರುವಾಗುತ್ತದೆ. ಕೆಳಗಿನದು ಪರ್ಮಿಯನ್ ಯುಗದ್ದು, ಮೇಲಿನದು ಅದರ ನಂತರದ ಟ್ರಯಾಸಿಕ್ ಯುಗದ್ದು. ನಡುವೆ ಎಲ್ಲಿಯೋ ಭೂಮಿಯ ಇತಿಹಾಸದ ಅತಿದೊಡ್ಡ ಜೀವನಾಶ ನಡೆದುಹೋಗಿದೆ. ಆ ‘ಎಲ್ಲಿಯೋ’ ಎಲ್ಲಿ ಎಂಬುದೇ ನನ್ನ ಕೆಲಸವಾಗಿತ್ತು.

ಪಳೆಯುಳಿಕೆಯೇ ನನಗೆ ಹೊಸದು. ಧಾರವಾಡ ಶಿಲೆಗಳ ನಾಡಿನಲ್ಲಿ ಭೂವಿಜ್ಞಾನ ಓದಿದವನು ನಾನು. ಅಲ್ಲಿನ ಬಂಡೆಗಳು ಚಿಪ್ಪುಳ್ಳ ಪ್ರಾಣಿಗಳು ಹುಟ್ಟುವುದಕ್ಕೂ ಇನ್ನೂರು ಕೋಟಿ ವರ್ಷ ಮೊದಲಿನವು. ಹಾಗಾಗಿ ಮುದ್‌ನಲ್ಲಿ ಓಟೋಸೆರಾಸ್ ಎಂಬ ಅಮೊನೈಟ್‌ನ, ಅಂದರೆ ಸುರುಳಿ ಚಿಪ್ಪಿನ ಹಳೆಯ ಕಡಲಪ್ರಾಣಿಯ, ತುಣುಕನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಬಹಳ ಹೊತ್ತು ಕೆಳಗಿಡಲಿಲ್ಲ. ಸುರುಳಿಯ ಹೊಕ್ಕುಳಿನ ಸುತ್ತ ಅಂಚು ಕಿವಿಯಂತೆ ಉಬ್ಬಿರುತ್ತದೆ. ಹೆಸರಿನಲ್ಲಿರುವ ‘ಓಟೋ’ ಆ ಕಿವಿಯೇ.

ಈ ಕಿವಿಯ ಪ್ರಾಣಿ ಹಿಮಾಲಯದಲ್ಲಿ ಸಿಗುತ್ತದೆ, ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ ಸಿಗುತ್ತದೆ, ಕೆನಡಾದ ಆರ್ಕ್ಟಿಕ್ ದ್ವೀಪಗಳಲ್ಲಿಯೂ ಸಿಗುತ್ತದೆ. ಕಲ್ಲಿನ ಬಣ್ಣ, ದಪ್ಪ, ಜಾತಿ ಎಲ್ಲವೂ ಬೇರೆ. ಪ್ರಾಣಿ ಮಾತ್ರ ಹತ್ತಿರದ ನೆಂಟ. ಹಾಗಾಗಿ ಬಹುಕಾಲ ಲೆಕ್ಕ ಸರಳವಾಗಿತ್ತು: ಓಟೋಸೆರಾಸ್ ಕಂಡಲ್ಲಿ ಟ್ರಯಾಸಿಕ್ ಆರಂಭ. ನಾನೂ ನನ್ನ ಕ್ಷೇತ್ರ ಪುಸ್ತಕದಲ್ಲಿ ಅದರ ಕೆಳಗೆ ದಪ್ಪ ಗೆರೆ ಎಳೆದು ‘ಗಡಿ’ ಎಂದು ಬರೆದಿದ್ದೆ.

ಊರಿಗೆ ಬಂದ ಮೇಲೆ ಮೇಷ್ಟ್ರು ಆ ಪುಟ ನೋಡಿ, “ಗೆರೆ ಪೆನ್ಸಿಲಿನಲ್ಲಿ ಎಳೆಯಬೇಕಿತ್ತಪ್ಪಾ” ಎಂದರು.

ಗಡಿಯ ಅಳತೆಗೋಲು 2001ರಲ್ಲಿಯೇ ಬದಲಾಗಿತ್ತು. ಚೀನಾದ ಝೇಜಿಯಾಂಗ್ ಪ್ರಾಂತ್ಯದ ಮೇಶಾನ್ ಎಂಬಲ್ಲಿನ ಕಲ್ಲುಗಣಿಯಲ್ಲಿ, 27ಸಿ ಎಂಬ ಪದರದಲ್ಲಿ, ಹಿಂಡಿಯೋಡಸ್ ಪಾರ್ವಸ್ ಎಂಬ ಕೊನೊಡಾಂಟ್ ಮೊದಲು ಕಾಣಿಸಿಕೊಳ್ಳುವ ಜಾಗವೇ ಟ್ರಯಾಸಿಕ್‌ನ ಬುಡ ಎಂದು ಒಪ್ಪಿಕೊಳ್ಳಲಾಯಿತು. ಆ ಪದರದ ಕೆಳಗೂ ಮೇಲೂ ಜ್ವಾಲಾಮುಖಿಯ ಬೂದಿ ಪದರಗಳಿವೆ. ಅವುಗಳಲ್ಲಿನ ಜಿರ್ಕಾನ್ ಹರಳುಗಳಿಂದ ಗಡಿಯ ವಯಸ್ಸು ಸುಮಾರು 25.19 ಕೋಟಿ ವರ್ಷ ಎಂದು ಸಿಕ್ಕಿದೆ. ಸ್ಪಿತಿಯ ನನ್ನ ಕಲ್ಲಿನಲ್ಲಿ ಪಾರ್ವಸ್ ಸಿಕ್ಕರೆ ಆ ವಯಸ್ಸನ್ನು ಇಲ್ಲಿಗೆ ಎರವಲು ತರಬಹುದು. ಪಳೆಯುಳಿಕೆ ತಾನಾಗಿ ವರ್ಷಗಳನ್ನು ಹೇಳುವುದಿಲ್ಲ. ಗಡಿಯಾರವಿರುವ ಊರಿಗೂ ಇಲ್ಲದ ಊರಿಗೂ ದಾರಿ ತೋರಿಸುತ್ತದೆ, ಅಷ್ಟೇ.

ಕೊನೊಡಾಂಟ್ ಎಂದರೆ ಹಾವುಮೀನಿನಂತಿದ್ದ ಸಣ್ಣ ಈಜುಪ್ರಾಣಿಯ ಹಲ್ಲಿನಂಥ ಭಾಗ. ಒಂದು ಮಿಲಿಮೀಟರಿಗಿಂತ ಚಿಕ್ಕದು. ಎರಡು ಕಿಲೋ ಸುಣ್ಣಕಲ್ಲನ್ನು ಚೂರು ಮಾಡಿ, ನೀರು ಬೆರೆಸಿದ ಅಸಿಟಿಕ್ ಆಮ್ಲದಲ್ಲಿ ಮುಳುಗಿಸಿ, ಆಮ್ಲ ಬದಲಿಸುತ್ತ ವಾರಗಟ್ಟಲೆ ಕಾಯಬೇಕು. ಸುಣ್ಣ ಕರಗುತ್ತದೆ, ಹಲ್ಲು ಫಾಸ್ಫೇಟ್ ಆದ್ದರಿಂದ ಉಳಿಯುತ್ತದೆ. ಉಳಿದ ಗಸಿಯನ್ನು ಜರಡಿಯಲ್ಲಿ ತೊಳೆದು, ಭಾರವಾದ ದ್ರವದಲ್ಲಿ ಬಿಟ್ಟರೆ ಹಗುರ ಮರಳು ತೇಲಿ, ಹಲ್ಲುಗಳು ತಳ ಸೇರುತ್ತವೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಆರಿಸುವುದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಅಜ್ಜಿಯ ಮೊಮ್ಮಗನಿಗೂ ಕತ್ತು ನೋಯುತ್ತದೆ.

ಮೂರನೆಯ ದಿನ ಸಂಜೆ ಒಂದು ಸಿಕ್ಕಿತು. ಕಂದುಗಪ್ಪು ಬಣ್ಣ, ಬಾಚಣಿಗೆಯಂತೆ ಸಾಲು ಹಲ್ಲು. ಮೇಷ್ಟ್ರನ್ನು ಕೂಗಿದೆ.

ಅವರು ಕಣ್ಣಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮುಂದಿನ ಕೋಡು ಎಲ್ಲಿದೆ?”

ಮತ್ತೆ ನೋಡಿದೆ. ಇರಲಿಲ್ಲ. ಪಾರ್ವಸ್‌ನ ಗುರುತೇ ಮುಂದಿನ ಆ ಕೋಡು: ಹಿಂದಿನ ಹಲ್ಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ, ಇದೊಂದು ಎದ್ದು ನಿಂತಿರುತ್ತದೆ. ಅದರ ಹಿಂದಿನ ತಲೆಮಾರಿನ ಜಾತಿಗಳಲ್ಲಿ ಕೋಡು ಅಷ್ಟು ಎದ್ದು ಕಾಣುವುದಿಲ್ಲ. ನನ್ನ ತುಣುಕಿನಲ್ಲಿ ಅದು ಬುಡದಲ್ಲೇ ಮುರಿದಿತ್ತು. ಉಳಿದದ್ದು ಪರ್ಮಿಯನ್‌ನದೂ ಆಗಬಹುದು, ಟ್ರಯಾಸಿಕ್‌ನದೂ ಆಗಬಹುದು.

“ಜರಡಿಗೆ ನೀಲಿ ಹಾಕಿದ್ದೆಯಾ?” ಎಂಬುದು ಎರಡನೆಯ ಪ್ರಶ್ನೆ. ಹಾಕಿದ್ದೆ, ಪುಣ್ಯಕ್ಕೆ. ಪ್ರತಿ ಮಾದರಿ ತೊಳೆದಾದ ಮೇಲೆ ಜರಡಿಯನ್ನು ಮೆಥಿಲೀನ್ ನೀಲಿಯಲ್ಲಿ ಅದ್ದುತ್ತೇವೆ. ಕಣ್ಣುಗಳಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಮಾದರಿಯ ಚೂರು ಮುಂದಿನದಕ್ಕೆ ಬಿದ್ದರೆ ನೀಲಿಯಾಗಿರುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ನನ್ನದು ನೀಲಿಯಾಗಿರಲಿಲ್ಲ. ಆ ಕಲ್ಲಿನದೇ.

ಆಗ ಕೇಳಿದೆ, ಓಟೋಸೆರಾಸ್ ಇದೆಯಲ್ಲ, ಅದು ಸಾಲದೇ ಎಂದು. ಮೇಷ್ಟ್ರು ಕಾಗದದ ಮೇಲೆ ಪಕ್ಕಪಕ್ಕ ಕಲ್ಲುಪದರಗಳ ಎರಡು ಕಂಬ ಬರೆದರು. ಕೆನಡಾದ ಆರ್ಕ್ಟಿಕ್ ಕಂಬದಲ್ಲಿ ಓಟೋಸೆರಾಸ್ ಕೆಳಗಿನಿಂದಲೇ ಶುರು, ಪಾರ್ವಸ್ ಬರುವುದು ಅದಕ್ಕಿಂತ ಮೇಲೆ. ಅಂದರೆ ಅಲ್ಲಿನ ಮೊದಲ ಓಟೋಸೆರಾಸ್‌ಗಳು ಇಂದಿನ ಲೆಕ್ಕದಲ್ಲಿ ಪರ್ಮಿಯನ್‌ಗೆ ಸೇರಿದವು. ಒಂದು ಪ್ರಾಣಿ ಎಲ್ಲ ಕಡಲಿಗೂ ಒಂದೇ ದಿನ ಬಂದಿಳಿಯಬೇಕೆಂದೇನೂ ಇಲ್ಲ. ಪಾರ್ವಸ್‌ಗೂ ಈ ಸಂಶಯ ತಪ್ಪಿದ್ದಲ್ಲ. ಒಂದೆಡೆ ತಡವಾಗಿ ಬಂದಿರಬಹುದು, ಬಂದಿದ್ದರೂ ನಮ್ಮ ಎರಡು ಕಿಲೋದಲ್ಲಿ ಸಿಗದಿರಬಹುದು. ಅದಕ್ಕೇ ಅದರ ಜೊತೆಗಿರುವ ಬೇರೆ ಜಾತಿಗಳನ್ನೂ ಕಲ್ಲಿನ ಕಾರ್ಬನ್ ಐಸೊಟೋಪುಗಳ ಏರಿಳಿತವನ್ನೂ ಸೇರಿಸಿ ನೋಡುತ್ತಾರೆ.

ತುಣುಕನ್ನು ಸ್ಲೈಡಿಗೆ ಅಂಟಿಸಿ ‘ಹಿಂಡಿಯೋಡಸ್’ ಎಂದಷ್ಟೇ ಬರೆದೆ. ಜಾತಿಯ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಕ್ಷೇತ್ರ ಪುಸ್ತಕದ ಆ ದಪ್ಪ ಶಾಯಿಯ ಗೆರೆಯ ಮೇಲೂ ಅಂಥದ್ದೇ ಒಂದನ್ನು ಹಾಕಿ, ಅದೇ ಪದರದ ಉಳಿದ ಚೀಲವನ್ನು ಬಿಚ್ಚಿದೆ. ಇನ್ನೂ ಮೂರು ಕಿಲೋ ಇತ್ತು.