ತಲೆ ತೂರಬೇಕು, ಬರುವ ವರ್ಷಕ್ಕೂ ಆಗಬೇಕು

“ದೊಡ್ಡವರ ಪ್ಯಾಟರ್ನನ್ನೇ ಚಿಕ್ಕದು ಮಾಡಿಕೊಂಡರೆ ಮಕ್ಕಳ ಬಟ್ಟೆ ಆಗಲ್ವಾ? ಕೊರಳಿಗೆ, ಬಟನ್‌ಗೆ, ಟಕ್ಕಿಗೆ ಅಂತ ಬೇರೆ ಬೇರೆ ಲೆಕ್ಕ ಯಾಕೆ?”

ಆಗಲ್ಲ. ಮೊದಲು ಅಡ್ಡ ಬರುವುದೇ ತಲೆ. ಎದೆ ಸುತ್ತಳತೆ 90 ಸೆಂ.ಮೀ. ಇರುವ ದೊಡ್ಡವರ ತಲೆ ಸುಮಾರು 56 ಸೆಂ.ಮೀ. ಇರುತ್ತದೆ. ಒಂದು ವರ್ಷದ ಮಗುವಿಗೆ ಎದೆಯೂ 46ರ ಆಸುಪಾಸು, ತಲೆಯೂ 46ರ ಆಸುಪಾಸು. ಪ್ಯಾಟರ್ನನ್ನು ಅರ್ಧಕ್ಕೆ ಇಳಿಸಿದಿರಿ ಅಂದುಕೊಳ್ಳಿ, ಎದೆ ಸರಿಹೋಗುತ್ತದೆ, ಕೊರಳು ಮಾತ್ರ 28 ಸೆಂ.ಮೀ. ತಲೆಗೆ ಹೊಲಿದ ಹಾಗಿರುತ್ತದೆ. ಹಾಗಂತ ಕೊರಳನ್ನೇ ಅಗಲ ಮಾಡಿದರೆ ಅಂಗಿ ಭುಜದಿಂದ ಜಾರುತ್ತದೆ. ಆದ್ದರಿಂದ ಹಾಕಿಕೊಂಡಾಗ ಕೊರಳು ಚಿಕ್ಕದಿರಬೇಕು, ಹಾಕುವಾಗ ದೊಡ್ಡದಾಗಬೇಕು.

ಬನಿಯನ್ ಬಟ್ಟೆಯ ಅಂಗಿಗೆ ಇದನ್ನು ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ರಿಬ್ ಪಟ್ಟಿ ಮಾಡಿಕೊಡುತ್ತದೆ. ಒಂದು ವರ್ಷದ ಅಳತೆಗೆ ಅಂಗಿಯ ಕೊರಳ ಸುತ್ತು 35 ಸೆಂ.ಮೀ. ಕತ್ತರಿಸಿ, ಅದಕ್ಕೆ 30 ಸೆಂ.ಮೀ. ರಿಬ್ಬನ್ನು ಸಮನಾಗಿ ಎಳೆದು ಕೂರಿಸಿದರೆ ಸುಮ್ಮನಿದ್ದಾಗ ಕುತ್ತಿಗೆಗೆ ಚೆನ್ನಾಗಿ ಕೂರುತ್ತದೆ. ಎಳೆದಾಗ ಅದು 50ಕ್ಕೆ ಹೋಗಬೇಕು. ತಲೆ 46 ಇರುವಾಗ 50 ಏಕೆಂದರೆ, ಕಿವಿ, ಮೂಗು ಇವೆ, ಮಗು ಸುಮ್ಮನೆ ಕೂರುವುದೂ ಇಲ್ಲ. ನೋಡುವುದು ಸುಲಭ: ಕೊರಳನ್ನು ಮಡಚಿ ಮೇಜಿನ ಮೇಲೆ ಇಂಚುಟೇಪಿನ ಪಕ್ಕ ಎಳೆಯಿರಿ. ಅರ್ಧ ಸುತ್ತು 25 ಸೆಂ.ಮೀ. ಮುಟ್ಟಬೇಕು, ಹೊಲಿಗೆಯಲ್ಲಿ ಚಟ್ ಅನ್ನುವ ಸದ್ದು ಬರಬಾರದು. ಸದ್ದು ಬಂತು ಅಂದರೆ ದಾರ ಕಡಿದಿದೆ. ಸಾದಾ ಮಷಿನ್ನಿನ ನೇರ ಹೊಲಿಗೆಗೆ ಹಿಗ್ಗುವ ಗುಣ ಕಡಿಮೆ, ಅಲ್ಲಿ ಓವರ್‌ಲಾಕೇ ಬೇಕು. ಕೈಬಿಟ್ಟ ಮೇಲೆ ಪಟ್ಟಿ ಮತ್ತೆ 30ರ ಹತ್ತಿರಕ್ಕೆ ಬರದೆ ಅಲೆಅಲೆಯಾಗಿ ನಿಂತರೆ ಆ ರಿಬ್ಬಿನಲ್ಲಿ ಜೀವ ಇಲ್ಲ. ಸ್ವಲ್ಪ ಸ್ಪ್ಯಾಂಡೆಕ್ಸ್ ಸೇರಿದ್ದನ್ನು ತನ್ನಿ.

ಸ್ಯಾಂಪಲ್ ಪಾಸಾಗಿ, ಫ್ಯಾಕ್ಟರಿ ಲೈನಿನಲ್ಲಿ ಬಂದ ಪೀಸು ಫೇಲಾಗುವುದು ಹೆಚ್ಚಾಗಿ ಹಿಂಗೊರಳ ಟೇಪಿನಿಂದ. ಮಂಡ್ಯ, ಮದ್ದೂರಿನ ಕಡೆ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಒಳಹೊಲಿಗೆ ಮುಚ್ಚಲು ಭುಜದಿಂದ ಭುಜಕ್ಕೆ ನೇಯ್ದ ಟೇಪು ಹಾಕುತ್ತಾರೆ. ಅದು ಎಳೆದರೂ ಬರುವುದಿಲ್ಲ, ಹಿಂಭಾಗ ಪೂರ್ತಿ ಬಿಗಿದು ಮುಂಭಾಗ ಮಾತ್ರ ಹಿಗ್ಗುತ್ತದೆ. ಟೇಪಿನ ಬದಲು ಅದೇ ಬನಿಯನ್ ಬಟ್ಟೆಯ ಪಟ್ಟಿಯನ್ನು ಹಿಗ್ಗುವ ದಿಕ್ಕಿನಲ್ಲಿ ಕತ್ತರಿಸಿ ಹಾಕಿ.

ಇಷ್ಟಾದರೂ ಕೊರಳು 42ಕ್ಕೇ ನಿಂತಿತು ಅನ್ನಿ. 8 ಸೆಂ.ಮೀ. ಕೊರತೆ. ಭುಜದ ಮೇಲೆ 4 ಸೆಂ.ಮೀ. ಸೀಳು ಬಿಟ್ಟರೆ ಅದರ ಎರಡು ಅಂಚೂ ಸುತ್ತಿಗೆ ಸೇರಿ 8 ಸಿಗುತ್ತದೆ. ಸ್ವಲ್ಪ ಹೆಚ್ಚಾಗೇ 5 ಸೆಂ.ಮೀ. ಸೀಳು ಬಿಡಿ, ಎರಡು ಪ್ರೆಸ್ ಬಟನ್ ಕೂರಿಸಿ. ಹಲ್ಲಿರುವ ಉಂಗುರದ ಪ್ರೆಸ್ ಬಟನ್ನೇ ಆಗಬೇಕು. ಅದರ ಹಲ್ಲು ಬಟ್ಟೆಯನ್ನು ಚುಚ್ಚಿ ಎದುರಿನ ಭಾಗದೊಳಗೆ ಸುರುಳಿಯಾಗುತ್ತದೆ. ತೂತು ಹೊಡೆದು ಕೂರಿಸುವ ನಮೂನೆ ಜೀನ್ಸಿಗೆ ಸರಿ, ಬನಿಯನ್ ಬಟ್ಟೆಯಲ್ಲಿ ಆ ತೂತಿನಿಂದಲೇ ಎಳೆ ಓಡುತ್ತದೆ. ಬಟನ್ ಪಟ್ಟಿಯ ಪದರಗಳ ನಡುವೆ ಹಿಗ್ಗದ ಫ್ಯೂಸಿಂಗ್, ಅಂದರೆ ಇಸ್ತ್ರಿ ಬಿಸಿಗೆ ಅಂಟುವ ಒಳಬಟ್ಟೆ ಇರಲಿ. ಅಮ್ಮಂದಿರು ಬಟನ್ ಹಿಡಿದು ಬಿಚ್ಚುವುದಿಲ್ಲ, ಬಟ್ಟೆ ಹಿಡಿದು ಎಳೆಯುತ್ತಾರೆ. ಆ ಎಳೆತ ತಡೆಯುವುದು ಫ್ಯೂಸಿಂಗೇ. ಎರಡು ಪದರಕ್ಕೆ ಒತ್ತಡ ಹೊಂದಿಸಿದ ಪ್ರೆಸ್ಸಿನಲ್ಲಿ, ಹೊಲಿಗೆ ಕೂಡುವ ದಪ್ಪ ಜಾಗಕ್ಕೂ ಬಟನ್ ಹೊಡೆದರೆ ಹಲ್ಲು ಪೂರ್ತಿ ಸುರುಳಿಯಾಗುವುದಿಲ್ಲ. ಉಂಗುರವನ್ನು ಉಗುರಿನಲ್ಲಿ ಎಬ್ಬಿಸಿ ನೋಡಿ, ಬೆರಳಲ್ಲಿ ತಿರುಗಿಸಿ ನೋಡಿ. ಅಲ್ಲಾಡಿದರೆ ಆ ಪೀಸು ಬೇಡವೇ ಬೇಡ, ಕಿತ್ತ ಬಟನ್ ನೇರ ಮಗುವಿನ ಬಾಯಿಗೆ ಹೋಗುತ್ತದೆ.

ಇನ್ನು ಟಕ್ಕು, ಅಂದರೆ ಮುಂದೆ ಬಿಚ್ಚಿ ಉದ್ದ ಮಾಡಿಕೊಳ್ಳಲು ಮಡಚಿ ಹೊಲಿದಿಡುವ ಮಡಿಕೆ. ಮೂರು ವರ್ಷ ದಾಟಿದ ಮಗು ಹರೆಯಕ್ಕೆ ಬರುವವರೆಗೂ ವರ್ಷಕ್ಕೆ ಸುಮಾರು 5ರಿಂದ 7 ಸೆಂ.ಮೀ. ಎತ್ತರ ಬೆಳೆಯುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಿನದು. ಸೊಂಟ ಅಷ್ಟಾಗಿ ಬೆಳೆಯುವುದಿಲ್ಲ. ಹಾಗಾಗಿ ದಸರಾಕ್ಕೆ ಹೊಲಿಸಿದ ಲಂಗ ಮುಂದಿನ ದಸರಾ ಹೊತ್ತಿಗೆ ಸೊಂಟಕ್ಕೆ ಸರಿ, ಉದ್ದಕ್ಕೆ ಗಿಡ್ಡ. ವರ್ಷಕ್ಕೆ 4 ಸೆಂ.ಮೀ.ನಂತೆ ಎರಡು ವರ್ಷಕ್ಕೆ 8 ಇಟ್ಟುಕೊಳ್ಳಿ.

ನಾಲ್ಕು ವರ್ಷದ ಹುಡುಗಿಗೆ ಜರಿ ಅಂಚಿನ ಲಂಗ, ಸೊಂಟದಿಂದ ಕಣಕಾಲಿಗೆ 58 ಸೆಂ.ಮೀ. ಅದಕ್ಕೆ 8 ಸೇರಿಸಿ, ಸೊಂಟದ ಹೊಲಿಗೆಗೆ 1.5 ಸೇರಿಸಿದರೆ 67.5. ಕೆಳಗೆ ಅಂಚೇ ಇರುವುದರಿಂದ ಹೆಚ್ಚಿನ ಬಟ್ಟೆಯನ್ನು ಮೇಲಿನಿಂದ ತೆಗೆದುಕೊಳ್ಳಬೇಕು. ನೆರಿಗೆ ಹಿಡಿಯುವ ಮೊದಲೇ, ಬಟ್ಟೆ ಚಪ್ಪಟೆಯಾಗಿರುವಾಗ ಟಕ್ಕು ಹೊಲಿಯಿರಿ. ಅದನ್ನು ಸೊಂಟದ ಹತ್ತಿರ ಇಟ್ಟರೆ ಒಂದರ ಜಾಗದಲ್ಲಿ ಮೂರು ಪದರವಾಗಿ ನೆರಿಗೆ ಉಬ್ಬುತ್ತದೆ. ಒಳ್ಳೆಯ ಜಾಗ ಜರಿ ಅಂಚಿನ ನೆತ್ತಿ.

ಅಂಚಿನ ಮೇಲುಗೆರೆಯನ್ನೂ ಅದಕ್ಕಿಂತ 8 ಸೆಂ.ಮೀ. ಮೇಲಿನ ಗೆರೆಯನ್ನೂ ಉಲ್ಟಾ ಕಡೆಯಿಂದ ಜೋಡಿಸಿದರೆ 4 ಸೆಂ.ಮೀ. ಆಳದ ಮಡಿಕೆ ಬರುತ್ತದೆ. ಮೊದಲು ಮಡಿಕೆಯ ತುದಿಯಿಂದ 2 ಸೆಂ.ಮೀ.ಗೆ ಒಂದು ಹೊಲಿಗೆ, ಆಮೇಲೆ 4 ಸೆಂ.ಮೀ.ಗೆ, ಅಂದರೆ ಅಂಚಿನ ಗೆರೆಗೇ ಇನ್ನೊಂದು. ಮಡಿಕೆಯನ್ನು ಕೆಳಮುಖವಾಗಿ ಅಂಚಿನ ಹಿಂದೆ ಇಸ್ತ್ರಿ ಮಾಡಿ. ಅಂಚು ಅದನ್ನು ಮರೆಮಾಡುತ್ತದೆ, ಲಂಗಕ್ಕೂ ಕೆಳಗೆ ತೂಕ ಬಂದು ಚೆನ್ನಾಗಿ ಬೀಳುತ್ತದೆ. ಮೊದಲ ವರ್ಷ ಕಳೆದ ಮೇಲೆ ಅಂಚಿನ ಗೆರೆಯ ಹೊಲಿಗೆ ಬಿಚ್ಚಿದರೆ 4 ಸೆಂ.ಮೀ. ಇಳಿಯುತ್ತದೆ, ಉಳಿದ ಮಡಿಕೆಯನ್ನು ಒಳಗಿನ ಹೊಲಿಗೆ ಹಿಡಿದಿರುತ್ತದೆ. ಮರುವರ್ಷ ಅದನ್ನೂ ಬಿಚ್ಚಬಹುದು. ಎರಡೂ ಹೊಲಿಗೆ 4 ಮಿ.ಮೀ. ಉದ್ದದ್ದಿರಲಿ, ಕೊನೆಯಲ್ಲಿ ಹಿಂದೆ-ಮುಂದೆ ಹೊಡೆದು ಬಿಗಿಯಬೇಡಿ. ಇಲ್ಲದಿದ್ದರೆ ಬಿಚ್ಚುವವರು ಬ್ಲೇಡು ಹಿಡಿದು ರೇಷ್ಮೆಯನ್ನೇ ಕೊಯ್ಯುತ್ತಾರೆ.

ಮೈಸೂರು ಸಿಲ್ಕಿನಂಥ ಕ್ರೇಪಿಗೆ ಹೊಲಿಯುವ ಮುಂಚೆ ತುಂಡು ಬಟ್ಟೆಯಲ್ಲಿ 9 ನಂಬರಿನ ಸೂಜಿಯಿಂದ ಒಂದು ಸಾಲು ಹೊಡೆದು, ಬಿಚ್ಚಿ, ಹಿಂಬದಿಯಿಂದ ಇಸ್ತ್ರಿ ಹಾಕಿ ನೋಡಿ. ಸೂಜಿ ತೂತು ಸಾಲಾಗಿ ಕಾಣುತ್ತಿದ್ದರೆ ಮಷಿನ್ ಬೇಡ, ಸಣ್ಣ ಸೂಜಿಯಲ್ಲಿ ಕೈಹೊಲಿಗೆಯೇ ಸರಿ. ಅಂಚಿನ ಮೇಲುಗೆರೆಯ ಗುರುತು ಜರಿಯಲ್ಲಿ ಕರಗುತ್ತದೆ. 8 ಸೆಂ.ಮೀ. ಮೇಲಿನ ಗೆರೆಯ ಗುರುತು ಮಾತ್ರ ಬಿಚ್ಚಿದ ಮೇಲೆ ಕಾಣುವ ಸಂಭವ ಇದೆ, ಅದರ ಮೇಲೆ ಒಂದು ಎಳೆ ಜರಿ ಲೇಸು ಕೂರಿಸಬಹುದು. ದಿನಾ ಒಗೆಯುವ ಕಾಟನ್ ಲಂಗಕ್ಕೆ ಎರಡು ವರ್ಷದ ಟಕ್ಕು ಇಡುವುದನ್ನು ನಾವು ಒಪ್ಪುವುದಿಲ್ಲ. ಹೊರಗಿನ ಬಟ್ಟೆ ಬಿಸಿಲಿಗೆ ಮಾಸುತ್ತದೆ, ಮಡಿಕೆಯೊಳಗಿನದು ಹೊಸದಾಗಿಯೇ ಉಳಿಯುತ್ತದೆ, ಬಿಚ್ಚಿದಾಗ ಗಾಢ ಬಣ್ಣದ ಪಟ್ಟೆ. ಅಲ್ಲಿ ಒಂದು ವರ್ಷದ್ದೇ ಸಾಕು.

ಲಂಗ ಇಳಿದು ರವಿಕೆ ಹಿಡಿದರೆ ಎಲ್ಲ ವ್ಯರ್ಥ. ರವಿಕೆಯ ಪಕ್ಕದ ಹೊಲಿಗೆಗೆ 1 ಸೆಂ.ಮೀ. ಬದಲು 2.5 ಬಿಡಿ. ಎರಡು ಪಕ್ಕ, ನಾಲ್ಕು ಅಂಚು, ಒಟ್ಟು 6 ಸೆಂ.ಮೀ. ಬಿಚ್ಚಲು ಸಿಗುತ್ತದೆ. ಅದಕ್ಕೆ ತೋಳನ್ನು ಮೊದಲು ಚಪ್ಪಟೆಯಾಗಿ ಕೂರಿಸಿ, ಆಮೇಲೆ ತೋಳಿನ ತುದಿಯಿಂದ ಕಂಕುಳ ಮೂಲಕ ಕೆಳಗಿನವರೆಗೆ ಒಂದೇ ಹೊಲಿಗೆ ಎಳೆಯಬೇಕು. ತೋಳನ್ನು ಸುತ್ತು ಮುಚ್ಚಿ ಕೂರಿಸಿದ್ದರೆ ಕಂಕುಳಲ್ಲಿ ತೋಳನ್ನೇ ಕಿತ್ತು ಮತ್ತೆ ಹೊಲಿಯಬೇಕಾಗುತ್ತದೆ. ಹಿಂಬದಿಯ ತೆರಪಿಗೆ ಹಲ್ಲಿನ ಬಟನ್ ಹಾಕಬೇಡಿ, ರೇಷ್ಮೆ ಎಳೆ ಕಡಿಯುತ್ತದೆ. ದಾರದಲ್ಲಿ ಹೊಲಿಯುವ ಪ್ರೆಸ್ ಬಟನ್ನನ್ನು ಒಳಗೆ ಕ್ಯಾನ್ವಾಸ್ ಕೊಟ್ಟು ಹೊಲಿಯಿರಿ, ರವಿಕೆ ಅಗಲವಾದಾಗ ಅದನ್ನು ಅಂಚಿನ ಕಡೆಗೆ ಸರಿಸಿಕೊಳ್ಳಲೂ ಬರುತ್ತದೆ.